ಕೊನೆಯ ಓವರಿನ ಸಾಕ್ಷ್ಯ

1

2016ನೆಯ ಇಸವಿಯ ಮಾರ್ಚ್ 23ರ ರಾತ್ರಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ವಿಶ್ವ ಟಿ-20 ಪಂದ್ಯಾವಳಿಯ ಭಾರತ-ಬಾಂಗ್ಲಾದೇಶ ಪಂದ್ಯವು ಕೊನೆಯ ಓವರಿಗೆ ಬಂದು ನಿಂತಾಗ, ಬಾಂಗ್ಲಾದೇಶದ ಗೆಲುವಿಗೆ ಬೇಕಾಗಿದ್ದುದು 11 ರನ್ನು. ಚೆಂಡು ಹಿಡಿದವರು ಹಾರ್ದಿಕ್ ಪಾಂಡ್ಯ. ಮೊದಲನೆಯ ಎಸೆತದಲ್ಲಿ ಮಹಮದುಲ್ಲಾ ಒಂದು ರನ್ನು ತೆಗೆದರು. ಎರಡನೆಯದನ್ನೂ ಮೂರನೆಯದನ್ನೂ ಮುಷ್ಫಿಕುರ್ ರಹೀಂ ಬೌಂಡರಿಗೆ ಅಟ್ಟಿದರು. ಇನ್ನು ಮೂರು ಎಸೆತಗಳಲ್ಲಿ ಎರಡೇ ರನ್ನು ಸಾಕು ಎಂಬ ಸ್ಥಿತಿಯಲ್ಲಿ, ಒಂದೊಂದಾಗಿ ಓಡಿ ತೆಗೆದರೂ ಗೆಲುವು ಕೈಸೇರುತ್ತಿದ್ದ ಆ ಗಳಿಗೆಯಲ್ಲಿ, ಮುಷ್ಫಿಕುರ್ ಚೆಂಡನ್ನು ಎತ್ತಿ ಹೊಡೆದು ಶಿಖರ್ ಧವನ್ ಅವರ ಕೈಗೆ ಕ್ಯಾಚಿತ್ತರು. ಮುಂದಿನ ಎಸೆತ ಫುಲ್ ಟಾಸ್. ಅದನ್ನು ಮಹಮದುಲ್ಲಾ ಎತ್ತಿ ಹೊಡೆದರು, ರವೀಂದ್ರ ಜಡೇಜ ಓಡಿಬಂದು ಹಿಡಿದರು. ಕೊನೆಯ ಎಸೆತ ಬ್ಯಾಟಿಗೆ ತಾಗದೆ ಹಿಂದಕ್ಕೆ ಹೋಯಿತು. ಒಂದು ರನ್ನು ಕದ್ದು ಪಂದ್ಯವನ್ನು ಸಮ ಮಾಡಿಕೊಳ್ಳಲು ಓಡಿಬಂದ ಮುಸ್ತಫಿಜುರ್ ಕ್ರೀಸನ್ನು ಮುಟ್ಟುವ ಮೊದಲೇ ವಿಕೆಟ್ ಕೀಪರ್ ಧೋನಿ ಚೆಂಡನ್ನು ಹಿಡಿದುಕೊಂಡು ಓಡಿಬಂದು ಬೇಲ್ಸನ್ನು ಹಾರಿಸಿದರು. ಭಾರತಕ್ಕೆ ಒಂದು ರನ್ನಿನ ಜಯ.

ಅಂದಿನಿಂದ ಆ ಓವರು ಎದೆಗಾರಿಕೆಗೆ ಒಂದು ದೃಷ್ಟಾಂತವಾಗಿ ನಿಂತಿದೆ. ಅದನ್ನು ಕಂಡವರು ಇಂದಿಗೂ ಪಾಂಡ್ಯರನ್ನು ಕುರಿತು ‘ಪ್ರೆಷರ್ ತಡೆಯುವ ಗಟ್ಟಿಗ’ ಎನ್ನುತ್ತಾರೆ. ಹಾಗೆನ್ನುವವರ ಭಾವವನ್ನು ಅಲ್ಲಗಳೆಯುವುದು ಈ ಅಧ್ಯಾಯದ ಉದ್ದೇಶವಲ್ಲ. ಆದರೆ ವಿಜ್ಞಾನದ ದೃಷ್ಟಿಯಿಂದ ನೋಡತಕ್ಕವನು ಇಲ್ಲಿ ಎರಡು ಸಂಗತಿಗಳ ಮುಂದೆ ತಡೆದು ನಿಲ್ಲಲೇಬೇಕಾಗುತ್ತದೆ. ಮೊದಲನೆಯದು: ಆ ಓವರಿನಲ್ಲಿ ಹೋದ ರನ್ನು 9, ಟಿ-20 ಪಂದ್ಯದ ಕೊನೆಯ ಓವರಿಗೆ ಅದು ಸಾಮಾನ್ಯವಾದ ಮೊತ್ತ. ಎರಡನೆಯದು: ಪಂದ್ಯವನ್ನು ತಿರುಗಿಸಿದ ಐದನೆಯ ಎಸೆತ ಒಂದು ಫುಲ್ ಟಾಸ್. ಬ್ಯಾಟುಗಾರನ ಕಾಲಬೆರಳಿನ ಬಳಿ ನೆಲ ಮುಟ್ಟಬೇಕಾದ ಯಾರ್ಕರ್ ಗುರಿತಪ್ಪಿ ಮುಂದಕ್ಕೆ ಹೋದಾಗ ಆಗುವುದೇ ಬಹುಮಟ್ಟಿಗೆ ಫುಲ್ ಟಾಸ್. ಅದು ಬೌಲರನು ಬಯಸಿ ಎಸೆಯುವ ಚೆಂಡಲ್ಲ. ಅದೇ ಹೊಡೆತ ಇನ್ನಷ್ಟು ದೂರ ಸಾಗಿದ್ದರೆ ಅದು ಸಿಕ್ಸರು. ಅದೇ ಬೌಲರನು, ಅದೇ ಎದೆಯನ್ನು ಇಟ್ಟುಕೊಂಡೇ, ಮರುದಿನ ‘ಕೈ ನಡುಗಿದವನು’ ಎನ್ನಿಸಿಕೊಳ್ಳುತ್ತಿದ್ದನು.

ಆದಕಾರಣ ನಮ್ಮ ಮುಂದಿರುವ ಪ್ರಶ್ನೆ ಇದು: ಸಂಕಟದ ಗಳಿಗೆಯಲ್ಲಿ ತನ್ನ ನಿತ್ಯದ ಮಟ್ಟಕ್ಕಿಂತ ಮೇಲೇರುವ ಶಕ್ತಿ ಒಬ್ಬ ಆಟಗಾರನಲ್ಲಿ ನಿಜವಾಗಿ ಇದೆಯೇ, ಇಲ್ಲವೇ ಆಕಸ್ಮಿಕವು ಎಸೆದ ದಾಳಗಳನ್ನು ನಾವು ಅವನ ಗುಣವೆಂದು ಓದುತ್ತಿದ್ದೇವೆಯೇ, ಎಂಬುದನ್ನು ಅಂಕಿಗಳಿಂದ ನಿರ್ಣಯಿಸುವುದು ಹೇಗೆ?

2

ಆಕಸ್ಮಿಕದ ಬಲವೆಷ್ಟೆಂಬುದನ್ನು ಮೊದಲು ಅಳೆದುಕೊಳ್ಳದೆ ಗುಣದ ಮಾತನ್ನು ಎತ್ತುವಂತಿಲ್ಲ. ಅದನ್ನು ಅಳೆಯುವುದಕ್ಕೆ ಯಂತ್ರವೇನೂ ಬೇಕಾಗಿಲ್ಲ, ಒಂದು ಹಿತ್ತಾಳೆಯ ಚೊಂಬು ಮತ್ತು ನೂರು ಕಾಗದದ ಚೀಟಿಗಳು ಸಾಕು. 31 ಚೀಟಿಗಳ ಮೇಲೆ ಸೊನ್ನೆ, 37ರ ಮೇಲೆ ಒಂದು, 9ರ ಮೇಲೆ ಎರಡು, 13ರ ಮೇಲೆ ನಾಲ್ಕು, 10ರ ಮೇಲೆ ಆರು ಎಂದು ಬರೆದು, ಮಡಿಚಿ ಚೊಂಬಿಗೆ ಹಾಕಿ ಕಲಸಿರಿ. ಇವು ನಾನು ಉದಾಹರಣೆಗಾಗಿ ಆರಿಸಿಕೊಂಡ ಪ್ರಮಾಣಗಳು. ವಿಕೆಟ್ಟುಗಳನ್ನು ಸೊನ್ನೆಯೊಳಗೇ ಸೇರಿಸಿ, ವೈಡು ನೋ ಬಾಲುಗಳನ್ನು ಬಿಟ್ಟು, ಕೊನೆಯ ಓವರಿನ ಎಸೆತವೊಂದರ ಸ್ವಭಾವವನ್ನು ಸ್ಥೂಲವಾಗಿ ಹಿಡಿಯುವಂತಹವು. ಒಂದು ಚೀಟಿಯನ್ನು ತೆಗೆದು ಓದಿ, ಮರಳಿ ಚೊಂಬಿಗೇ ಹಾಕಿ ಕಲಸಿ, ಹೀಗೆ ಆರು ಸಲ ಮಾಡಿದರೆ ಒಂದು ಓವರಾಯಿತು. ಒಂದು ಸಲ 1, 0, 4, 1, 0, 2 ಎಂದು ಬಂದು ಮೊತ್ತ 8 ಆಗಬಹುದು. ಮತ್ತೊಂದು ಸಲ ಅದೇ ಚೊಂಬಿನಿಂದಲೇ 6, 4, 1, 6, 0, 1 ಎಂದು ಬಂದು 18 ಆಗಬಹುದು. ಬಹುಕಾಲ ತೆಗೆಯುತ್ತ ಹೋದರೆ ಓವರಿಗೆ ಸರಾಸರಿ 10 ರನ್ನು ನಿಲ್ಲುತ್ತದೆ. ಆದರೆ ಒಂದೊಂದು ಓವರೂ ಆ ಹತ್ತರ ಸುತ್ತ ಎಷ್ಟು ಅಲೆದಾಡುತ್ತದೆಂಬುದನ್ನು ಲೆಕ್ಕ ಹಾಕಿದರೆ, ಗಣಿತಜ್ಞರು ಮಾನಕ ವಿಚಲನೆ ಎಂದು ಕರೆಯುವ ಆ ಅಲೆದಾಟದ ಅಳತೆ ಸುಮಾರು 4.7 ರನ್ನು. ಎಂದರೆ 5 ರನ್ನಿನ ಓವರೂ 15 ರನ್ನಿನ ಓವರೂ ಆ ಚೊಂಬಿಗೆ ಅಸಹಜವಲ್ಲ.

ಈಗ ಒಬ್ಬ ಬೌಲರನು 16 ಬಾರಿ ಕೊನೆಯ ಓವರನ್ನು ಎಸೆದಿದ್ದಾನೆಂದು ಭಾವಿಸೋಣ. ಓವರುಗಳು ಹೆಚ್ಚಿದಂತೆ ಅವುಗಳ ಸರಾಸರಿಯ ಅಲೆದಾಟವು ಕಡಮೆಯಾಗುತ್ತದೆ. ಆದರೆ ಓವರುಗಳ ಸಂಖ್ಯೆಯ ಪ್ರಮಾಣದಲ್ಲಿ ಅಲ್ಲ, ಅದರ ವರ್ಗಮೂಲದ ಪ್ರಮಾಣದಲ್ಲಿ. ಹದಿನಾರರ ವರ್ಗಮೂಲ ನಾಲ್ಕು, ಆದ್ದರಿಂದ 4.7ನ್ನು ನಾಲ್ಕರಿಂದ ಭಾಗಿಸಿದಾಗ ಬರುವ ಸುಮಾರು 1.2 ರನ್ನು ಅವನ ಸರಾಸರಿಯ ಸುತ್ತ ಉಳಿಯುವ ಅನಿಶ್ಚಯ. ಈ ವರ್ಗಮೂಲದ ನಿಯಮವೇ ನಮ್ಮ ಇಡೀ ಕಥೆಯ ಬೀಗದ ಕೈ. ಅನಿಶ್ಚಯವನ್ನು ಅರ್ಧಕ್ಕೆ ಇಳಿಸಬೇಕಾದರೆ ಓವರುಗಳು ಇಮ್ಮಡಿಯಾದರೆ ಸಾಲದು, ನಾಲ್ಕುಮಡಿಯಾಗಬೇಕು. ಹತ್ತರಲ್ಲೊಂದು ಪಾಲಿಗೆ ಇಳಿಸಬೇಕಾದರೆ ನೂರುಮಡಿಯಾಗಬೇಕು.

ಇನ್ನು ಒಂದೇ ಬಗೆಯ ಇಪ್ಪತ್ತು ಚೊಂಬುಗಳನ್ನು ಸಾಲಾಗಿ ಇಟ್ಟು, ಒಂದೊಂದಕ್ಕೂ ಒಬ್ಬ ಬೌಲರನ ಹೆಸರನ್ನು ಅಂಟಿಸಿ, ಒಂದೊಂದರಿಂದಲೂ ಹದಿನಾರು ಓವರುಗಳನ್ನು ತೆಗೆದೆವೆಂದು ಇಟ್ಟುಕೊಳ್ಳಿ. ಚೊಂಬುಗಳಲ್ಲಿ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಆದರೂ ಪಟ್ಟಿ ಮಾಡಿ ನೋಡಿದರೆ ಎಲ್ಲಕ್ಕಿಂತ ಮೇಲೆ ನಿಂತ ಚೊಂಬಿನ ಸರಾಸರಿ ಸುಮಾರು 7.8 ಆಗಿರುತ್ತದೆಂದೂ ಎಲ್ಲಕ್ಕಿಂತ ಕೆಳಗಿನದು ಸುಮಾರು 12.2 ಆಗಿರುತ್ತದೆಂದೂ ನಿರೀಕ್ಷಿಸಬೇಕು. ಓವರಿಗೆ ನಾಲ್ಕು ರನ್ನಿಗೂ ಮೀರಿದ ಅಂತರ! ಪತ್ರಿಕೆಯಲ್ಲಿ ಇಂತಹ ಪಟ್ಟಿ ಅಚ್ಚಾದರೆ ಮೇಲಿನವನನ್ನು ಧೀರನೆಂದೂ ಕೆಳಗಿನವನನ್ನು ಅಧೀರನೆಂದೂ ವರ್ಣಿಸದೆ ಇರುವ ಓದುಗ ವಿರಳ. ಆದರೆ ಚೊಂಬಿಗೆ ಧೈರ್ಯವೆಲ್ಲಿಂದ ಬರಬೇಕು? ಯಾವ ಪಟ್ಟಿಯೇ ಆಗಲಿ, ಅದರ ತುತ್ತತುದಿಯಲ್ಲಿ ಇರುವವನನ್ನು ಆರಿಸಿಕೊಂಡು ಬಳಿಕ ಅವನ ಗುಣವೇನೆಂದು ಕೇಳುವುದು, ಪರೀಕ್ಷೆ ಮುಗಿದ ಮೇಲೆ ಪ್ರಶ್ನೆಪತ್ರಿಕೆಯನ್ನು ಸಿದ್ಧಪಡಿಸಿದಂತೆ.

3

ಇಷ್ಟನ್ನು ತಿಳಿದ ಬಳಿಕ ಎರಡನೆಯ ತೊಡಕನ್ನು ಬಿಡಿಸಿಕೊಳ್ಳಬೇಕು. ಕೊನೆಯ ಓವರಿನಲ್ಲಿ ಕಡಮೆ ರನ್ನು ಕೊಡುವವನೆಲ್ಲ ಸಂಕಟದಲ್ಲಿ ಮೇಲೇರುವವನಲ್ಲ. ಒಳ್ಳೆಯ ಬೌಲರನು ಹದಿನೇಳನೆಯ ಓವರಿನಲ್ಲಿಯೂ ಒಳ್ಳೆಯ ಬೌಲರನೇ. ನಾಯಕನು ಇಪ್ಪತ್ತನೆಯ ಓವರನ್ನು ಅವನ ಕೈಗೆ ಕೊಡುವುದೂ ಅದಕ್ಕಾಗಿಯೇ. ಅವನು ಅಲ್ಲಿ ಚೆನ್ನಾಗಿ ಎಸೆದರೆ ಅದು ಅವನ ನಿತ್ಯದ ನೈಪುಣ್ಯವೇ ಹೊರತು ಸಂಕಟಕಾಲಕ್ಕೆಂದು ತೆಗೆದಿಟ್ಟ ಬೇರೊಂದು ಶಕ್ತಿಯಲ್ಲ. ನಾವು ಹುಡುಕುತ್ತಿರುವ ಗುಣ ಇದ್ದದ್ದೇ ಆದರೆ ಅದನ್ನು ಕಾಣಬೇಕಾದದ್ದು ಇತರರೊಡನೆ ಹೋಲಿಸಿದಾಗ ಅಲ್ಲ, ಅವನನ್ನು ಅವನೊಡನೆಯೇ ಹೋಲಿಸಿದಾಗ: ತನ್ನ ಉಳಿದ ಡೆತ್ ಓವರುಗಳಲ್ಲಿ, ಎಂದರೆ ಹದಿನೇಳು, ಹದಿನೆಂಟು, ಹತ್ತೊಂಬತ್ತನೆಯ ಓವರುಗಳಲ್ಲಿ, ಕೊಡುವುದಕ್ಕಿಂತ ಪಂದ್ಯ ತೂಗಾಡುವ ಇಪ್ಪತ್ತನೆಯ ಓವರಿನಲ್ಲಿ ಅವನು ಕಡಮೆ ಕೊಡುತ್ತಾನೆಯೇ?

ಈ ಹೋಲಿಕೆ ನ್ಯಾಯವಾದದ್ದು. ಆದರೆ ಅದಕ್ಕೆ ಒಂದು ದಂಡವನ್ನು ತೆರಬೇಕಾಗುತ್ತದೆ. ಎರಡು ಸರಾಸರಿಗಳ ವ್ಯತ್ಯಾಸವನ್ನು ತೆಗೆದಾಗ ಎರಡರ ಅನಿಶ್ಚಯವೂ ಅದರೊಳಗೆ ಬಂದು ಕೂಡುತ್ತದೆ. ನಮ್ಮ ಬೌಲರನು 16 ಕೊನೆಯ ಓವರುಗಳನ್ನೂ 48 ಇತರ ಡೆತ್ ಓವರುಗಳನ್ನೂ ಎಸೆದಿದ್ದಾನೆಂದರೆ, ಆ ವ್ಯತ್ಯಾಸದ ಅನಿಶ್ಚಯ ಸುಮಾರು 1.35 ರನ್ನು ಆಗುತ್ತದೆ. ಬರಿಯ ಆಕಸ್ಮಿಕದಿಂದ ಈ ಅಳತೆಯ ಇಮ್ಮಡಿಯನ್ನು ಮೀರುವುದು ಇಪ್ಪತ್ತರಲ್ಲಿ ಒಂದು ಸಲ ಮಾತ್ರ. ಆದ್ದರಿಂದ ಓವರಿಗೆ 2.7 ರನ್ನುಗಳಷ್ಟು ಅಂತರ ಕಾಣದೆ ಇದ್ದರೆ ನಾವು ಬಾಯಿ ತೆರೆಯುವಂತಿಲ್ಲ. ಕಂಡರೂ, ಇಪ್ಪತ್ತು ಮಂದಿಯನ್ನು ಹೀಗೆ ಪರೀಕ್ಷಿಸಿದಾಗ ಅವರಲ್ಲಿ ಒಬ್ಬನು ಸುಮ್ಮನೆಯೇ ಆ ಗೆರೆಯನ್ನು ದಾಟುವನೆಂಬುದನ್ನು ಮರೆಯಬಾರದು.

ಎದೆಗಾರಿಕೆಯ ಬೆಲೆ ವಾಸ್ತವವಾಗಿ ಎಷ್ಟಿರಬಹುದು? ಒತ್ತಡದಲ್ಲಿಯೂ ಸ್ಥಿರವಾಗಿರುವ ಮನಸ್ಸು ಓವರಿಗೆ ಅರ್ಧ ರನ್ನನ್ನು ಉಳಿಸುತ್ತದೆಂದು ಒಪ್ಪಿಕೊಳ್ಳೋಣ. ಸಣ್ಣದಾಗಿ ತೋರಿದರೂ ಒಂದು ರನ್ನಿನಿಂದ ಪಂದ್ಯಗಳು ತೀರ್ಮಾನವಾಗುವ ಆಟದಲ್ಲಿ ಅದು ಅಲ್ಪವಲ್ಲ. ಆ ಅರ್ಧ ರನ್ನು ಆಕಸ್ಮಿಕದ ಅಲೆಗಳ ಮೇಲೆ ತಲೆಯೆತ್ತಿ ಸ್ಪಷ್ಟವಾಗಿ ಕಾಣಬೇಕಾದರೆ ಅನಿಶ್ಚಯವು ಕಾಲು ರನ್ನಿಗೆ ಇಳಿಯಬೇಕು. ಅದಕ್ಕೆ ವರ್ಗಮೂಲದ ನಿಯಮವು ಕೇಳುವ ಕೊನೆಯ ಓವರುಗಳ ಸಂಖ್ಯೆ ಸುಮಾರು 350. ಅವನ ಇತರ ಓವರುಗಳ ಸರಾಸರಿ ನಮಗೆ ಲವಲೇಶವೂ ಸಂದೇಹವಿಲ್ಲದೆ ಗೊತ್ತಿದೆಯೆಂದು ಇಟ್ಟುಕೊಂಡಾಗಿನ ಲೆಕ್ಕ ಇದು. ವರ್ಷಕ್ಕೆ ಹದಿನೈದು ಬಾರಿ ಕೊನೆಯ ಓವರು ಎಸೆಯುವ ಬೌಲರನು ಅಷ್ಟನ್ನು ಪೂರೈಸಲು 23 ವರ್ಷ ಬೇಕು. ವೇಗದ ಬೌಲರನ ಮೊಣಕಾಲು ಅಷ್ಟು ದಿನ ಬಾಳುವುದಿಲ್ಲ. ಬಾಳಿದರೂ ಮೊದಲನೆಯ ವರ್ಷದ ಬೌಲರನೂ ಇಪ್ಪತ್ತಮೂರನೆಯ ವರ್ಷದವನೂ ಒಬ್ಬನೇ ಎನ್ನಲು ಬರುವುದಿಲ್ಲ. ಇಲ್ಲಿ ನಾವು ಎದುರಿಸುತ್ತಿರುವುದು ಶ್ರದ್ಧೆಯ ಕೊರತೆಯನ್ನಲ್ಲ, ಆಯುಸ್ಸಿನ ಕೊರತೆಯನ್ನು.

4

ಒಬ್ಬನ ಆಯುಸ್ಸು ಸಾಲದೆ ಇದ್ದರೆ ಅನೇಕರನ್ನು ಒಟ್ಟಿಗೆ ನೋಡಬಹುದಲ್ಲ ಎಂಬ ಯೋಚನೆ ಸಹಜವಾಗಿ ಏಳುತ್ತದೆ. ಈ ದಾರಿಯನ್ನು ಮೊದಲು ತುಳಿದವರು ಅಮೆರಿಕದ ಬೇಸ್‌ಬಾಲ್ ಆಟದ ಸಂಖ್ಯಾಶಾಸ್ತ್ರಾಸಕ್ತರು. 1977ರಲ್ಲಿ ಡಿಕ್ ಕ್ರೇಮರ್ ಎಂಬುವರು ಒಂದು ಸರಳವಾದ, ಆದರೆ ಮರ್ಮವನ್ನು ಮುಟ್ಟುವ ಪರೀಕ್ಷೆಯನ್ನು ಮುಂದಿಟ್ಟರು: ನಿರ್ಣಾಯಕ ಗಳಿಗೆಗಳಲ್ಲಿ ಮಿಂಚುವುದು ಆಟಗಾರನ ಗುಣವೇ ಆಗಿದ್ದರೆ, 1969ರಲ್ಲಿ ಹಾಗೆ ಮಿಂಚಿದವರು 1970ರಲ್ಲಿಯೂ ಮಿಂಚಬೇಕು, ಗುಣವೆಂಬುದು ವರ್ಷದಿಂದ ವರ್ಷಕ್ಕೆ ಮನುಷ್ಯನ ಜೊತೆಯಲ್ಲಿ ಬರತಕ್ಕದ್ದು, ಅದೃಷ್ಟವು ಹಾಗೆ ಬರುವುದಿಲ್ಲ. ಅವರು ಎರಡು ವರ್ಷಗಳ ಪಟ್ಟಿಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ಒಂದಕ್ಕೂ ಇನ್ನೊಂದಕ್ಕೂ ಹೇಳಿಕೊಳ್ಳುವಂತಹ ಸಂಬಂಧವೇ ತೋರಿಬರಲಿಲ್ಲ. ಸಂಕಟಕಾಲದ ವೀರನೆಂಬುವನು ಕಲ್ಪನೆಯ ಸೃಷ್ಟಿ ಎಂಬ ಅಭಿಪ್ರಾಯವು ಬಹುಕಾಲ ಬೇಸ್‌ಬಾಲ್ ವಿಮರ್ಶಕರಲ್ಲಿ ಬೇರೂರಿ ನಿಂತುದಕ್ಕೆ ಈ ಪರೀಕ್ಷೆಯು ಒಂದು ಮುಖ್ಯ ಕಾರಣ.

ಆದರೆ 2004ರಲ್ಲಿ, ಅದೇ ಬಳಗದ ಹಿರಿಯರಾದ ಬಿಲ್ ಜೇಮ್ಸ್ ಒಂದು ಲೇಖನದಲ್ಲಿ ತಮ್ಮ ಮತವನ್ನೂ ತಮ್ಮ ಸಂಗಡಿಗರ ಮತವನ್ನೂ ಮತ್ತೊಮ್ಮೆ ಒರೆಗೆ ಹಚ್ಚಿದರು. ಅವರ ವಾದದ ಸಾರ ಇಷ್ಟು: ಎರಡು ಪಟ್ಟಿಗಳಲ್ಲಿಯೂ ಆಕಸ್ಮಿಕವೇ ತುಂಬಿಕೊಂಡಿರುವಾಗ, ಅವುಗಳ ನಡುವೆ ಸಂಬಂಧ ಕಾಣದಿರುವುದು ಗುಣವಿಲ್ಲವೆಂಬುದಕ್ಕೆ ಪ್ರಮಾಣವಾಗಲಾರದು, ದಟ್ಟವಾದ ಮಂಜಿನಲ್ಲಿ ಏನೂ ಕಾಣಿಸಲಿಲ್ಲವೆಂದು ಕಾವಲುಗಾರನು ಹೇಳಿದರೆ, ಅಲ್ಲಿ ಯಾರೂ ಇಲ್ಲವೆಂದು ನಾವು ನಿಶ್ಚಿಂತರಾಗಬಾರದು. ನಮ್ಮ ಇಪ್ಪತ್ತು ಬೌಲರರಿಗೆ ಈ ಮಾತನ್ನು ಅನ್ವಯಿಸಿದರೆ ಅದರ ಸತ್ಯ ಗೋಚರವಾಗುತ್ತದೆ. ಅವರ ಅಂಕಿಗಳಲ್ಲಿ ಐದರಲ್ಲೊಂದು ಪಾಲು ನಿಜವಾದ ಗುಣ, ನಾಲ್ಕು ಪಾಲು ಆಕಸ್ಮಿಕ ಎಂದಿದ್ದರೆ, ಎರಡು ಅವಧಿಗಳ ಪಟ್ಟಿಗಳ ನಡುವಿನ ಸಹಸಂಬಂಧ 0.2ರ ಸುಮಾರಿಗೆ ಇರಬೇಕು. ಆದರೆ ಇಪ್ಪತ್ತೇ ಮಂದಿ ಇರುವಾಗ, ಗುಣವೇ ಇಲ್ಲದ ಚೊಂಬುಗಳ ನಡುವೆಯೂ ಆ ಸಂಖ್ಯೆ ಸೊನ್ನೆಯಿಂದ ಆಚೀಚೆಗೆ 0.23ರಷ್ಟು ಅಲೆಯುವುದು ಮಾಮೂಲು. ಇರುವ ಸಂಬಂಧ ಅಲೆದಾಟಕ್ಕಿಂತ ಸಣ್ಣದು. ಪರೀಕ್ಷೆ ‘ಇಲ್ಲ’ ಎಂದರೂ ‘ಇದೆ’ ಎಂದರೂ ಆ ಉತ್ತರಕ್ಕೆ ತೂಕವಿಲ್ಲ.

ಆದಕಾರಣ ಪ್ರಾಮಾಣಿಕನಾದ ಪರೀಕ್ಷಕನು ‘ಇದೆಯೇ, ಇಲ್ಲವೇ’ ಎಂದು ಕೇಳುವುದನ್ನು ಬಿಟ್ಟು ‘ಇದ್ದರೆ ಎಷ್ಟು’ ಎಂದು ಕೇಳುವುದನ್ನು ಕಲಿಯಬೇಕಾಗುತ್ತದೆ.

5

‘ಎಷ್ಟು’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಉಪಾಯವೊಂದುಂಟು, ಮತ್ತು ಅದನ್ನು ವಿವರಿಸುವ ಅತ್ಯಂತ ಪ್ರಸಿದ್ಧ ನಿದರ್ಶನವೂ ಬೇಸ್‌ಬಾಲ್ ಆಟದಿಂದಲೇ ಬಂದದ್ದು. ಬ್ರಾಡ್ಲಿ ಎಫ್ರಾನ್ ಮತ್ತು ಕಾರ್ಲ್ ಮಾರಿಸ್ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು 1970ರ ಋತುವಿನ ಆದಿಯಲ್ಲಿ ತಲಾ 45 ಅವಕಾಶಗಳನ್ನು ಪೂರೈಸಿದ್ದ 18 ಬ್ಯಾಟುಗಾರರನ್ನು ತೆಗೆದುಕೊಂಡರು. ಪಟ್ಟಿಯ ಮೇಲ್ತುದಿಯಲ್ಲಿ ರಾಬರ್ಟೊ ಕ್ಲೆಮೆಂಟೆ. 45ರಲ್ಲಿ 18 ಸಫಲ ಹೊಡೆತ, ಎಂದರೆ 0.400. ಹದಿನೆಂಟು ಮಂದಿಯ ಸರಾಸರಿ 0.265. ಋತುವಿನ ಉಳಿದ ಭಾಗದಲ್ಲಿ ಇವರೆಲ್ಲ ಹೇಗೆ ಆಡಿದರೆಂಬುದನ್ನು ಮುಂಗಾಣಬೇಕಾದರೆ, ಪ್ರತಿಯೊಬ್ಬನ ಈವರೆಗಿನ ಅಂಕಿಯನ್ನೇ ನಂಬುವುದು ಸರಿಯೇ? ಅಲ್ಲವೆಂದು ಚಾರ್ಲ್ಸ್ ಸ್ಟೈನ್ ಎಂಬ ಗಣಿತಜ್ಞರು ಅದಕ್ಕೂ ಮೊದಲೇ ಸಾಧಿಸಿ ತೋರಿಸಿದ್ದರು: ಪ್ರತಿಯೊಂದು ಅಂಕಿಯನ್ನೂ ಎಲ್ಲರ ಸರಾಸರಿಯ ಕಡೆಗೆ ಒಂದು ನಿಯತ ಪ್ರಮಾಣದಲ್ಲಿ ಎಳೆದರೆ ಒಟ್ಟು ದೋಷ ಕಡಮೆಯಾಗುತ್ತದೆ. ಎಳೆದ ಬಳಿಕ ಕ್ಲೆಮೆಂಟೆಯವರ ಅಂದಾಜು 0.290 ಆಯಿತು. ಋತುವಿನ ಉಳಿದ ಭಾಗ ಮುಗಿದಾಗ, ಎಳೆದ ಅಂದಾಜುಗಳ ಒಟ್ಟು ದೋಷವು ಎಳೆಯದ ಅಂಕಿಗಳ ದೋಷದ ಮೂರನೆಯ ಒಂದು ಪಾಲಿಗಿಂತಲೂ ಕಡಮೆಯಿತ್ತು.

ಎಷ್ಟು ಎಳೆಯಬೇಕು? ಅಂಕಿಗಳಲ್ಲಿ ಆಕಸ್ಮಿಕದ ಪಾಲೆಷ್ಟೋ ಅಷ್ಟು. ನಮ್ಮ ಇಪ್ಪತ್ತು ಬೌಲರರ ಲೆಕ್ಕವನ್ನೇ ಕೈಗೆತ್ತಿಕೊಂಡು ಹಂತಹಂತವಾಗಿ ನಡೆಸೋಣ. ಪ್ರತಿಯೊಬ್ಬನು ತನ್ನ ಇತರ ಓವರುಗಳಿಗಿಂತ ಕೊನೆಯ ಓವರಿನಲ್ಲಿ ಎಷ್ಟು ರನ್ನು ಉಳಿಸಿದನೆಂಬ ವ್ಯತ್ಯಾಸವನ್ನು ಬರೆದು, ಆ ಇಪ್ಪತ್ತು ಸಂಖ್ಯೆಗಳ ಹರಡಿಕೆಯನ್ನು ಅಳೆದಾಗ 1.5 ರನ್ನು ಬಂತೆನ್ನಿ; ಇದನ್ನು ವರ್ಗಮಾಡಿದರೆ 2.25. ಬರಿಯ ಆಕಸ್ಮಿಕದಿಂದಲೇ ಆಗತಕ್ಕ ಹರಡಿಕೆ 1.35 ಎಂದು ಹಿಂದೆ ಕಂಡೆವು. ಅದರ ವರ್ಗ 1.82. ಕಂಡ ಹರಡಿಕೆಯಿಂದ ಆಕಸ್ಮಿಕದ ಪಾಲನ್ನು ಕಳೆದರೆ ಉಳಿಯುವುದು 0.43, ಇದೇ ಬೌಲರರ ನಡುವಿನ ನಿಜವಾದ ವ್ಯತ್ಯಾಸಕ್ಕೆ ಸಲ್ಲಬೇಕಾದ ಅಂಶ. ಅದು 2.25ರಲ್ಲಿ ಸುಮಾರು ಐದರಲ್ಲೊಂದು ಪಾಲು. ಆದುದರಿಂದ ಪಟ್ಟಿಯ ಮೇಲ್ತುದಿಯಲ್ಲಿದ್ದು ಓವರಿಗೆ 3 ರನ್ನು ಉಳಿಸಿದನೆಂದು ಕೀರ್ತಿಪಡೆದವನಿಗೆ ನಾವು ನ್ಯಾಯವಾಗಿ ಕೊಡಬಹುದಾದ ಮನ್ನಣೆ ಅದರ ಐದರಲ್ಲೊಂದು ಪಾಲು, ಎಂದರೆ ಅರ್ಧ ರನ್ನಿಗಿಂತ ತುಸು ಹೆಚ್ಚು. ಮೂರು ರನ್ನು ಕೆಟ್ಟವನೆಂದು ನಿಂದಿಸಲ್ಪಟ್ಟವನ ಮೇಲೆ ಹೊರಿಸಬಹುದಾದ ದೋಷವೂ ಅಷ್ಟೇ. ಇಷ್ಟರ ಮೇಲೆ, ಇಪ್ಪತ್ತೇ ಮಂದಿಯಿಂದ ಅಳೆದ ಆ 2.25 ಸಹ ನಡುಗುವ ಸಂಖ್ಯೆಯೇ. ಗುಣಭೇದವೇ ಇಲ್ಲದ ಚೊಂಬುಗಳು ಸಹ ಅದನ್ನು ಆಗಾಗ ತೋರಿಸಬಲ್ಲವು.

ಈ ಉಪಾಯಕ್ಕೂ ಒಂದು ಮಿತಿಯುಂಟು. ಅದನ್ನು ಮರೆಮಾಚುವುದು ಸಲ್ಲದು. ಕ್ಲೆಮೆಂಟೆಯವರು ಋತುವಿನ ಉಳಿದ ಭಾಗದಲ್ಲಿ 0.346ರಂತೆ ಆಡಿದರು. 0.400 ಎಂಬ ಮೊದಲ ಅಂಕಿ ಅತಿಯಾಗಿದ್ದದ್ದು ನಿಜ, ಆದರೆ 0.290 ಎಂಬ ಅಂದಾಜು ಅವರನ್ನು ಸಾಮಾನ್ಯರ ಸಾಲಿಗೆ ಅತಿಯಾಗಿ ಎಳೆದುಬಿಟ್ಟಿತ್ತು. ಸರಾಸರಿಯ ಕಡೆಗೆ ಎಳೆಯುವ ನಿಯಮವು ಇಡೀ ಗುಂಪಿಗೆ ನ್ಯಾಯವನ್ನು ಮಾಡುತ್ತದೆ. ಆ ಗುಂಪಿನೊಳಗೆ ನಿಜವಾಗಿಯೂ ಅಸಾಧಾರಣನಾದ ಒಬ್ಬನಿದ್ದರೆ ಅವನಿಗೆ ಅನ್ಯಾಯವನ್ನೂ ಮಾಡಬಹುದು. ಅವನು ಅಸಾಧಾರಣನೆಂಬುದನ್ನು ಆ ನಲವತ್ತೈದು ಅವಕಾಶಗಳ ಹೊರಗಿನ ಬೇರೊಂದು ಸಾಕ್ಷ್ಯವೇ ನಮಗೆ ಹೇಳಬೇಕು. ಕ್ಲೆಮೆಂಟೆಯವರ ವಿಷಯದಲ್ಲಿ ಅಂತಹ ಸಾಕ್ಷ್ಯ ಹಿಂದಿನ ಋತುಗಳ ದಾಖಲೆಯಲ್ಲಿ ಧಾರಾಳವಾಗಿಯೇ ಇತ್ತು.

6

ಈವರೆಗೆ ಚೊಂಬಿನ ಚೀಟಿಗಳು ಬದಲಾಗುವುದಿಲ್ಲವೆಂದು ನಂಬಿ ನಡೆದೆವು. ನಿಜವಾದ ಆಟದಲ್ಲಿ ಆ ಚೀಟಿಗಳೇ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತವೆ, ಮತ್ತು ಅಂಕಿಗಳನ್ನು ಓದುವವರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಎದುರಾಳಿಗೆ ಕೊನೆಯ ಓವರಿನಲ್ಲಿ 6 ರನ್ನು ಬೇಕಾಗಿದ್ದರೆ ಬ್ಯಾಟುಗಾರನು ಸಾಹಸಕ್ಕೆ ಇಳಿಯುವುದಿಲ್ಲ. ಮೂರನೆಯ ಎಸೆತಕ್ಕೆ ಗುರಿ ಮುಟ್ಟಿದರೆ ಆಟವೂ ಅಲ್ಲಿಗೇ ನಿಲ್ಲುತ್ತದೆ. ಸೋತ ಬೌಲರನ ಹೆಸರಿನಲ್ಲಿ ಬರೆದುಕೊಳ್ಳುವ ರನ್ನು ಆರೋ ಏಳೋ. ಪುಸ್ತಕದಲ್ಲಿ ನೋಡಿದರೆ ಅದು ಒಳ್ಳೆಯ ಓವರಿನಂತೆಯೇ ತೋರುತ್ತದೆ. ಎದುರಾಳಿಗೆ 25 ಬೇಕಾಗಿದ್ದರೆ ಪ್ರತಿಯೊಂದು ಎಸೆತವನ್ನೂ ಎತ್ತಿ ಹೊಡೆಯಲೇಬೇಕು. ಆಗ ಚೊಂಬಿನಲ್ಲಿ ಆರರ ಚೀಟಿಗಳೂ ವಿಕೆಟ್ಟಿನ ಚೀಟಿಗಳೂ ಒಟ್ಟಿಗೆ ಹೆಚ್ಚುತ್ತವೆ, ಒಂದರ ಚೀಟಿಗಳು ಕುಗ್ಗುತ್ತವೆ. ಅಂತಹ ಓವರಿನಲ್ಲಿ 18 ರನ್ನು ಕೊಟ್ಟು ಗೆದ್ದವನ ಅಂಕಿ ಹದಗೆಟ್ಟಂತೆ ಕಾಣುತ್ತದೆ. ಕ್ರೀಸಿನಲ್ಲಿ ನಿಂತಿರುವವರು ನುರಿತ ಬ್ಯಾಟುಗಾರರೋ ಬಾಲಂಗೋಚಿಗಳೋ, ಬೌಂಡರಿ ಹತ್ತಿರವೋ ದೂರವೋ, ಇಬ್ಬನಿ ಬಿದ್ದು ಚೆಂಡು ಕೈಯಿಂದ ಜಾರುತ್ತಿದೆಯೋ ಎಂಬುವೂ ಹೀಗೆಯೇ.

ಆದ್ದರಿಂದ ಕೊಟ್ಟ ರನ್ನನ್ನು ಹತ್ತು ಎಂಬ ಒಂದೇ ಸರಾಸರಿಯೊಡನೆ ಹೋಲಿಸುವುದು ಸರಿಯಲ್ಲ. ಅಷ್ಟೇ ಎಸೆತ, ಅಷ್ಟೇ ಗುರಿ, ಅಷ್ಟೇ ವಿಕೆಟ್ಟು ಉಳಿದಿದ್ದ ಇತರ ಪಂದ್ಯಗಳಲ್ಲಿ ಸಾಧಾರಣವಾಗಿ ಏನಾಯಿತೆಂಬುದರೊಡನೆ ಹೋಲಿಸಬೇಕು. ಗೆಲುವಿನ ಸಂಭವನೀಯತೆಯನ್ನು ಎಸೆತದಿಂದ ಎಸೆತಕ್ಕೆ ಲೆಕ್ಕಿಸುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಆದರೆ ಆ ಪದ್ಧತಿಯೂ ಮನ್ನಣೆಯನ್ನು ಯಾರಿಗೆ ಹಂಚಬೇಕೆಂಬುದನ್ನು ತಾನಾಗಿ ಹೇಳಲಾರದು. ಬೆಂಗಳೂರಿನ ಆ ರಾತ್ರಿ, ಮೂರು ಎಸೆತಗಳಲ್ಲಿ ಎರಡು ರನ್ನು ಬೇಕಾಗಿದ್ದಾಗ ಬಹುತೇಕ ಬಾಂಗ್ಲಾದೇಶದ್ದಾಗಿದ್ದ ಗೆಲುವು ಮೂರೇ ಎಸೆತಗಳಲ್ಲಿ ಪೂರ್ತಿಯಾಗಿ ಈ ಕಡೆಗೆ ಸರಿಯಿತು. ಲೆಕ್ಕದ ಪುಸ್ತಕವು ಅದನ್ನೆಲ್ಲ ಬೌಲರನ ಖಾತೆಗೆ ಜಮಾ ಮಾಡುತ್ತದೆ. ಎತ್ತಿ ಹೊಡೆಯಬೇಕೆಂಬ ಇಬ್ಬರು ಬ್ಯಾಟುಗಾರರ ನಿರ್ಧಾರಕ್ಕೂ, ಧವನ್ ಮತ್ತು ಜಡೇಜರ ಕೈಗಳಿಗೂ, ಧೋನಿಯವರ ಓಟಕ್ಕೂ ಅಲ್ಲಿ ಬೇರೆ ಖಾತೆಯಿಲ್ಲ.

7

ಹಾಗಾದರೆ ಫಲದ ಅಂಕಿಗಳಿಂದ ಇಷ್ಟು ಕಡಮೆ ತಿಳಿಯುವುದಾದರೆ, ಗುಣವನ್ನು ಹುಡುಕಬೇಕಾದದ್ದು ಎಲ್ಲಿ? ಬೌಲರನ ಕೈಗೆ ಹತ್ತಿರವಾಗಿರುವ ಕಡೆ. ಚೆಂಡು ಎಷ್ಟು ರನ್ನಿಗೆ ಹೋಯಿತೆಂಬುದು ಬೌಲರನಿಗೂ ಬ್ಯಾಟುಗಾರನಿಗೂ ಫೀಲ್ಡರನಿಗೂ ಗಾಳಿಗೂ ಸೇರಿದ ವಿಷಯ; ಚೆಂಡು ಎಲ್ಲಿ ಬಿತ್ತೆಂಬುದು ಬಹುಮಟ್ಟಿಗೆ ಬೌಲರನೊಬ್ಬನದೇ ವಿಷಯ. ಒಬ್ಬನು ತನ್ನ ಇತರ ಓವರುಗಳಲ್ಲಿ ಯಾರ್ಕರಿಗೆ ಗುರಿಯಿಟ್ಟ ನೂರು ಎಸೆತಗಳಲ್ಲಿ 50ನ್ನು ಸರಿಯಾದ ಜಾಗಕ್ಕೆ ಹಾಕುತ್ತಾನೆಂದು ಚೆನ್ನಾಗಿ ತಿಳಿದಿದೆಯೆನ್ನಿ. ಹದಿನಾರು ಕೊನೆಯ ಓವರುಗಳಲ್ಲಿ ಅವನಿಗೆ 96 ಎಸೆತಗಳು ಸಿಕ್ಕುತ್ತವೆ. ಅವೆಲ್ಲವೂ ಯಾರ್ಕರಿನ ಪ್ರಯತ್ನಗಳಾದರೆ, ಆಕಸ್ಮಿಕದ ಅಲೆದಾಟ ನೂರಕ್ಕೆ 5ರಷ್ಟು ಮಾತ್ರ. ಕೊನೆಯ ಓವರಿನಲ್ಲಿ ಅವನ ಪ್ರಮಾಣ ನೂರಕ್ಕೆ 35ಕ್ಕೆ ಇಳಿದಿದ್ದರೆ, ಅದು ಅಲೆದಾಟದ ಮೂರು ಪಟ್ಟು ದೂರ. ಅವನ ಕೈ ನಡುಗುತ್ತಿದೆಯೆಂಬುದನ್ನು ರನ್ನಿನ ಲೆಕ್ಕ 23 ವರ್ಷಗಳಲ್ಲಿ ಹೇಳುವ ಮೊದಲೇ ಈ ಲೆಕ್ಕ ಒಂದು ವರ್ಷದಲ್ಲಿ ಹೇಳಿಬಿಡುತ್ತದೆ. 50 ಹಾಗೆಯೇ ಉಳಿದಿದ್ದರೆ, ಫಲ ಏನೇ ಆಗಿರಲಿ, ಅವನು ಒತ್ತಡಕ್ಕೆ ಬಾಗಲಿಲ್ಲವೆಂದು ಹೇಳಲು ನಮಗೆ ಆಧಾರವುಂಟು. ಎಲ್ಲ ಎಸೆತಗಳೂ ಯಾರ್ಕರಿನ ಪ್ರಯತ್ನವಾಗಿರುವುದಿಲ್ಲ, ಯಾವುದು ಪ್ರಯತ್ನ ಯಾವುದು ಅಲ್ಲವೆಂಬುದನ್ನು ನೋಡುವವನೇ ಊಹಿಸಬೇಕು. ಆ ಊಹೆಯಲ್ಲಿ ತಪ್ಪುಗಳು ನುಸುಳುತ್ತವೆ. ಫಲ ಗೊತ್ತಾದ ಮೇಲೆ ಊಹಿಸಿದರೆ ಇನ್ನೂ ಹೆಚ್ಚು ನುಸುಳುತ್ತವೆ. ಆದ್ದರಿಂದ ಎಸೆತವನ್ನು ವರ್ಗೀಕರಿಸುವವನಿಗೆ ಹೊಡೆತದ ಫಲವನ್ನು ತೋರಿಸದೆ ಇರುವುದು ಮೇಲು.

ಯಶ್ ದಯಾಳ್ ಅವರ ಎರಡು ಓವರುಗಳನ್ನು ಈ ಕಣ್ಣಿನಿಂದ ನೋಡಿರಿ. 2023ರ ಏಪ್ರಿಲ್ 9ರಂದು ಅಹಮದಾಬಾದಿನಲ್ಲಿ, ಗುಜರಾತ್ ತಂಡಕ್ಕಾಗಿ ಅವರು ಕೊನೆಯ ಓವರು ಎಸೆದಾಗ ಕೋಲ್ಕತ್ತಾ ತಂಡಕ್ಕೆ 29 ರನ್ನು ಬೇಕಾಗಿತ್ತು; ರಿಂಕು ಸಿಂಗ್ ಕೊನೆಯ ಐದು ಎಸೆತಗಳನ್ನೂ ಸಿಕ್ಸರಿಗೆ ಎತ್ತಿದರು, ಓವರಿಗೆ 31 ರನ್ನು ಹೋಯಿತು. ಮೊದಲ ಮೂರು ಸಿಕ್ಸರುಗಳು ಬಿದ್ದದ್ದು ಫುಲ್ ಟಾಸ್ ಎಸೆತಗಳ ಮೇಲೆ. 2024ರ ಮೇ 18ರಂದು ಅದೇ ಬೌಲರು ಬೆಂಗಳೂರು ತಂಡದ ಪರವಾಗಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಕೊನೆಯ ಓವರಿಗೆ ಬಂದರು. ಮುಂದಿನ ಹಂತಕ್ಕೆ ಏರಲು ಚೆನ್ನೈ ತಂಡಕ್ಕೆ 17 ರನ್ನು ಸಾಕಾಗಿತ್ತು. ಮೊದಲನೆಯ ಎಸೆತ ಮತ್ತೆ ಫುಲ್ ಟಾಸ್. ಧೋನಿ ಅದನ್ನು ಸಿಕ್ಸರಿಗೆ ಅಟ್ಟಿದರು. ಎರಡನೆಯದು ನಿಧಾನಗತಿಯ ಎಸೆತ. ಧೋನಿ ಕ್ಯಾಚಿತ್ತು ಹೊರನಡೆದರು. ಉಳಿದ ನಾಲ್ಕರಲ್ಲಿ ಬಂದದ್ದು ಒಂದೇ ರನ್ನು. ಓವರಿಗೆ ಒಟ್ಟು 7. ಮೊದಲನೆಯದನ್ನು ಕಂಡವರು ಇವರ ಎದೆ ಒಡೆಯಿತೆಂದರು, ಎರಡನೆಯದನ್ನು ಕಂಡವರು ಎದೆ ಗಟ್ಟಿಯಾಯಿತೆಂದರು. ಅಂಕಿಗಳ ಪ್ರಕಾರ ನೋಡಿದರೆ ಎರಡು ಓವರುಗಳ ಸರಾಸರಿ 19, ಅದರ ಅನಿಶ್ಚಯ ಮೂರು ರನ್ನಿಗೂ ಹೆಚ್ಚು; ಮನುಷ್ಯನ ಅಂತರಂಗದ ಮೇಲೆ ತೀರ್ಪು ಕೊಡಲು ಅದು ಎಷ್ಟಕ್ಕೂ ಸಾಲದು. ಆದರೆ ಎಸೆತಗಳನ್ನು ನೋಡಿದರೆ ಒಂದು ಮಾತು ಹೇಳಬಹುದು: ಎರಡು ರಾತ್ರಿಗಳಲ್ಲಿಯೂ ಯಾರ್ಕರು ಗುರಿತಪ್ಪಿದಾಗ ಅದಕ್ಕೆ ದಂಡ ತೆರಬೇಕಾಯಿತು, ಎರಡನೆಯ ರಾತ್ರಿ ಒಂದು ಸಲ ತಪ್ಪಿದ ಬಳಿಕ ಅವರು ಬೇರೆ ಎಸೆತವನ್ನು ಆರಿಸಿಕೊಂಡರು. ಆ ಆಯ್ಕೆ ಅವರದು. ಆ ಬಳಿಕ ಚೆಂಡು ಫೀಲ್ಡರನ ಕೈಗೆ ಹೋಯಿತೆಂಬುದು ಪೂರ್ತಿಯಾಗಿ ಅವರದಲ್ಲ.

ಅದೇ ಕ್ರೀಡಾಂಗಣದಲ್ಲಿ ಎಂಟು ವರ್ಷ ಹಿಂದೆ ಒಂದು ಫುಲ್ ಟಾಸ್ ಎಸೆತ ಪಾಂಡ್ಯರಿಗೆ ವಿಕೆಟ್ಟನ್ನು ತಂದಿತ್ತು. ದಯಾಳರಿಗೆ ಅದೇ ಬಗೆಯ ಚೆಂಡುಗಳು ಸಿಕ್ಸರುಗಳನ್ನು ತಂದವು. ಒಂದೇ ತಪ್ಪಿಗೆ ಒಬ್ಬರಿಗೆ ಕಿರೀಟ, ಇನ್ನೊಬ್ಬರಿಗೆ ಕಳಂಕ. ಫಲದಿಂದ ಗುಣವನ್ನು ಓದುವ ನಮ್ಮ ಅಭ್ಯಾಸ ಎಷ್ಟು ದುರ್ಬಲವಾದದ್ದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಾಗಿಲ್ಲ. ಆದರೆ ಆ ಹಳೆಯ ರಾತ್ರಿಯ ಕೊನೆಯ ಎಸೆತಕ್ಕೆ ಮೊದಲು ಇನ್ನೊಂದು ಸಂಗತಿ ನಡೆದಿತ್ತು. ಬ್ಯಾಟುಗಾರನು ಚೆಂಡನ್ನು ತಪ್ಪಿಸಿಕೊಂಡರೆ ಎದುರಾಳಿಗಳು ಒಂದು ರನ್ನು ಕದಿಯಲು ಓಡಿಬರುವರೆಂದು ಮುಂದಾಗಿಯೇ ತಿಳಿದು, ಧೋನಿಯವರು ತಮ್ಮ ಬಲಗೈಯ ಗ್ಲೌಸನ್ನು ಕಳಚಿಟ್ಟು ನಿಂತಿದ್ದರು. ಚೆಂಡು ಬ್ಯಾಟಿಗೆ ತಾಗಿದ್ದರೆ ಆ ಸಿದ್ಧತೆ ಯಾರ ಗಮನಕ್ಕೂ ಬರುತ್ತಿರಲಿಲ್ಲ, ಯಾವ ಅಂಕಿಯಲ್ಲಿಯೂ ದಾಖಲಾಗುತ್ತಿರಲಿಲ್ಲ. ಆದರೂ ಅದು ನಡೆದೇ ಇರುತ್ತಿತ್ತು. ಸಂಕಟದ ಗಳಿಗೆಯಲ್ಲಿ ಚಿತ್ತವು ಕದಡದೆ ನಿಂತಿತ್ತೆಂಬುದಕ್ಕೆ ಆ ಇಡೀ ಓವರಿನಲ್ಲಿ ಫಲವನ್ನು ಕಾಯದೆ ನಾವು ನೆಚ್ಚಬಹುದಾದ ಸಾಕ್ಷ್ಯವೆಂದರೆ, ಚೆಂಡು ಬರುವ ಮೊದಲೇ ಬರಿದಾಗಿದ್ದ ಆ ಬಲಗೈ.